ನಯನ ಬಾಯಿ ಬಿಟ್ಟು ಕೇಳಿದ್ದು

ನಮ್ಮ ಕೋಣೆಗೆ ಬರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು 'ಒಳಗೆ ಬರಬಹುದಾ ಸಾರ್' ಅನ್ನುವ ಹೊತ್ತಿಗೆ ಆಗಲೇ ಒಳಗೆ ಬಂದು ಕುರ್ಚಿ ಎಳೆದುಕೊಂಡಿರುತ್ತಾರೆ. ಹನಕೆರೆಯ ನಯನ ಮಾತ್ರ ಬಾಗಿಲಲ್ಲೇ ನಿಲ್ಲುತ್ತಿದ್ದಳು. ಕರೆದರೆ ಬರುತ್ತಾಳೆ, ಕರೆಯದಿದ್ದರೆ ಇಲ್ಲ. ಬೆಲ್ ಹೊಡೆದರೆ ಬಂದ ದಾರಿಯಲ್ಲೇ ವಾಪಸು. ಮೊದಲ ವರ್ಷ ನಾನು ಅದನ್ನು ಜಂಬ ಅಂದುಕೊಂಡಿದ್ದೆ. ಎರಡನೆಯ ವರ್ಷ ಗೊತ್ತಾಯಿತು, ಆ ಹುಡುಗಿಗೆ ಕೇಳಲಿಕ್ಕೇ ಬರುವುದಿಲ್ಲ ಅಂತ.

ಮಂಡ್ಯದ ಒಂದು ಕಾಲೇಜಿನಲ್ಲಿ ನಾನು ಜೀವರಸಾಯನ ಪಾಠ ಮಾಡುತ್ತೇನೆ. ಹೆಸರು ಶುಭಾ. ನನಗೂ ವಿಭಾಗದ ಹಿರಿಯರಾದ ಪ್ರೊಫೆಸರ್ ಸಂಪತ್ ಕುಮಾರರಿಗೂ ಒಂದೇ ಕೋಣೆ, ನಡುವೆ ಒಂದು ಕಬ್ಬಿಣದ ಬೀರು. ಬೀರುವಿನ ಆ ಕಡೆ ಆಡಿದ ಮಾತೆಲ್ಲ ಈ ಕಡೆ ಕೇಳಿಸುತ್ತದೆ. ಕೇಳಿಸಿಕೊಳ್ಳಬಾರದು ಅನ್ನುವಷ್ಟು ದೊಡ್ಡ ಮನುಷ್ಯಳು ನಾನಲ್ಲ.

ನಯನಳ ತಂದೆ ನಾಗರಾಜು ಕಬ್ಬು ಬೆಳೆಯುವವರು, ಮಾತು ಕಡಿಮೆ. ತಾಯಿ ಶಿವನಂಜಮ್ಮನದೂ ಅದೇ ಕತೆ. ಮೂವರ ಪಾಲಿನ ಮಾತನ್ನೂ ಆಡಿಬಿಡುವವರು ಸೋದರಮಾವ ಕೆಂಪರಾಜು. ಬಿಳಿ ಅಂಗಿ, ಬಿಳಿ ಪಂಚೆ, ಜೇಬಲ್ಲಿ ಎರಡು ಫೋನು. ನಯನಳ ಹಾಸ್ಟೆಲ್ ಸೀಟು ಕೇಳಿದ್ದು ಅವರು, ಬಸ್ ಪಾಸು ಕೇಳಿದ್ದು ಅವರು, ಒಮ್ಮೆ ಅಂಕಪಟ್ಟಿ ತಡವಾದಾಗ ಆಫೀಸಿಗೆ ಬಂದು ಗುಮಾಸ್ತರ ಎದುರು ಕೂತು ಪಟ್ಟಿ ಕೈಗೆ ಬರುವವರೆಗೂ ಏಳದಿದ್ದವರೂ ಅವರೇ. ನಮ್ಮ ಕಡೆ ಇದಕ್ಕೆ 'ಹೇಳಿಸುವುದು' ಅನ್ನುತ್ತಾರೆ. ಏನೇ ಕೆಲಸವಾಗಬೇಕಿದ್ದರೂ ಗೊತ್ತಿರುವವರಿಂದ ಒಂದು ಮಾತು ಹೇಳಿಸಬೇಕು. ನೇರವಾಗಿ ಹೋಗಿ ಕೇಳಿದವನು ಪೆದ್ದ, ಇಲ್ಲವೇ ಅವನಿಗೆ ಯಾರೂ ದಿಕ್ಕಿಲ್ಲ. ಮಾವನ ನೆರಳಲ್ಲಿ ಬೆಳೆದ ನಯನಳಿಗೆ ತನ್ನ ಬಾಯಿಂದ ಕೇಳುವ ಪ್ರಸಂಗವೇ ಬಂದಿರಲಿಲ್ಲ.

ಕೆಲಸದಲ್ಲಿ ಮಾತ್ರ ಗಟ್ಟಿ. ಎಂ.ಎಸ್ಸಿ. ಕೊನೆಯ ವರ್ಷ ಸಂಪತ್ ಕುಮಾರರ ಕೈಕೆಳಗೆ ಬೆಲ್ಲದ ಮೇಲೆ ಪ್ರಾಜೆಕ್ಟ್ ಮಾಡಿದಳು. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮಡ್ಡಿ ತೆಗೆಯಲಿಕ್ಕೆ, ಬಣ್ಣ ಬರಲಿಕ್ಕೆ ಈಗ ಪುಡಿ ರಾಸಾಯನಿಕ ಸುರಿಯುತ್ತಾರೆ. ಮೊದಲು ಬೆಂಡೆ ಗಿಡ ಜಜ್ಜಿ ಅದರ ಲೋಳೆ ಹಾಕುತ್ತಿದ್ದರು. ಹಾಗೆ ಮಾಡಿದ ಬೆಲ್ಲ ಮಳೆಗಾಲದಲ್ಲಿ ನೀರೊಡೆಯದೆ ಎಷ್ಟು ಕಾಲ ನಿಲ್ಲುತ್ತದೆ, ಯಾವ ಕಾಗದದಲ್ಲಿ ಸುತ್ತಿದರೆ ಒಳ್ಳೆಯದು ಅನ್ನುವುದು ಅವಳ ಪ್ರಶ್ನೆ. ವರ್ಷವಿಡೀ ನಮ್ಮ ಲ್ಯಾಬಿನ ಕಪಾಟು ಬೆಲ್ಲದ ಅಚ್ಚುಗಳಿಂದ ತುಂಬಿತ್ತು. ಇರುವೆಗಳ ಜೊತೆ ಅವಳು ನಡೆಸಿದ ಯುದ್ಧವನ್ನು ಬರೆದರೆ ಇನ್ನೊಂದು ಪ್ರಬಂಧವಾಗುತ್ತದೆ.

ಫಲಿತಾಂಶ ಬಂತು, ಒಳ್ಳೆಯ ಅಂಕ ಬಂತು, ಮುಂದೇನು ಅನ್ನುವುದೂ ಬಂತು. ಮದ್ದೂರಿನ ಒಂದು ಖಾಸಗಿ ಶಾಲೆಯ ಹೆಡ್‌ಮಾಸ್ಟರ್ ಲಿಂಗಯ್ಯನವರು ವಿಜ್ಞಾನದ ಟೀಚರ್ ಕೆಲಸ ಕೊಡುತ್ತೇವೆ, ತಿಂಗಳ ಕೊನೆಯೊಳಗೆ ಬರುತ್ತೀರೋ ಇಲ್ಲವೋ ಹೇಳಿ ಅಂದಿದ್ದರು. ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ. ನಯನಳಿಗೆ ಮಾತ್ರ ಲ್ಯಾಬು ಬಿಡಲು ಮನಸ್ಸಿಲ್ಲ. ಶಾಲೆಗೆ ಸೇರಿಬಿಟ್ಟರೆ ಮತ್ತೆ ಈ ಕಡೆ ಬರುವುದು ಕಷ್ಟ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು.

ಅಷ್ಟರಲ್ಲಿ ಮದ್ದೂರಿನ ಹತ್ತಿರ ಸೋಮನಹಳ್ಳಿ ಕಡೆ ಇರುವ ಒಂದು ಆಹಾರ ಕಂಪನಿಯ ಲ್ಯಾಬಿನಲ್ಲಿ ರಿಸರ್ಚ್ ಅಸಿಸ್ಟೆಂಟ್ ಬೇಕು ಅನ್ನುವ ಪ್ರಕಟಣೆ ಬಂತು. ಒಂದು ವರ್ಷದ ಪ್ರಾಜೆಕ್ಟು, ಒಬ್ಬರೇ, ವಿಷಯ ಬೆಲ್ಲದ ತಿನಿಸುಗಳ ಬಾಳಿಕೆ. ಆ ಲ್ಯಾಬಿನ ಮುಖ್ಯಸ್ಥ ಮಧುಕರ ನಮ್ಮ ಸಂಪತ್ ಕುಮಾರರ ಹಳೆಯ ವಿದ್ಯಾರ್ಥಿ. ಇವಳಿಗೆಂದೇ ಅಳತೆ ತೆಗೆದು ಹೊಲಿಸಿದ ಹಾಗಿತ್ತು. ಆದರೆ ಅಂಥ ಒಂದು ಜಾಗಕ್ಕೆ ಅರ್ಜಿಗಳು ರಾಶಿ ಬೀಳುತ್ತವೆ. ಯಾರಾದರೂ ಇದನ್ನು ಸ್ವಲ್ಪ ಓದಿ ಅನ್ನದಿದ್ದರೆ ರಾಶಿಯಲ್ಲೇ ಉಳಿಯುತ್ತದೆ.

ನಯನ ಬಾಗಿಲಿಗೆ ಬಂದಳು. ಲ್ಯಾಬ್ ಕೋಟು ವಾಪಸು ಕೊಡಲು ಬಂದೆ ಅಂದಳು. ಮರುದಿನ ಬಂದಳು, ಗ್ರಂಥಾಲಯದ ಪುಸ್ತಕಕ್ಕೆ ಸಹಿ ಬೇಕಿತ್ತು ಅಂದಳು. ಮೂರನೆಯ ಸಲ ಬಂದಾಗ ನನಗೇ ತಡೆಯಲಾಗಲಿಲ್ಲ. "ಒಳಗೆ ಹೋಗಿ ಕೇಳು ಮಾರಾಯ್ತಿ, ಅವರೇನು ಕಚ್ಚಲ್ಲ" ಅಂತ ದೂಡಿದೆ.

ಬೀರುವಿನ ಆ ಕಡೆಯಿಂದ ಅವಳ ದನಿ ಕೇಳಿಸಿತು. "ಸಾರ್, ಎಲ್ಲಾದ್ರೂ ಏನಾದ್ರೂ ಕೆಲ್ಸ ಇದ್ರೆ ಹೇಳಿ ಸಾರ್."

"ಎಲ್ಲಾದ್ರೂ ಅಂದ್ರೆ ಎಲ್ಲಿ? ಏನಾದ್ರೂ ಅಂದ್ರೆ ಏನು?" ಸಂಪತ್ ಕುಮಾರರು ಉತ್ತರ ಪತ್ರಿಕೆ ತಿದ್ದುತ್ತಲೇ ಕೇಳಿದರು. "ಯಾರಿಗೆ ಏನಂತ ಹೇಳ್ಲಿ ನಾನು? ಸರಿಯಾಗಿ ಯೋಚನೆ ಮಾಡ್ಕೊಂಡು ಬಾಮ್ಮ."

ಅವಳು ಯೋಚನೆ ಮಾಡಿಕೊಂಡೇ ಬಂದಿದ್ದಳು. ಕಂಪನಿಯ ಹೆಸರು ನಾಲಿಗೆಯ ತುದಿಯಲ್ಲಿತ್ತು. ಆಯ್ತು ಸಾರ್ ಅಂದು ಹೊರಟೇ ಹೋದಳು. ನನಗೆ ಸಿಟ್ಟು ಬಂದು ಊಟದ ಡಬ್ಬಿ ಮುಚ್ಚಳ ಜೋರಾಗಿ ಹಾಕಿದೆ. ಹೋಗಿ ಅವಳ ಪರವಾಗಿ ನಾನೇ ಹೇಳಿಬಿಡಬಹುದಿತ್ತು. ಹೇಳಿದರೆ ನಾನು ಇನ್ನೊಬ್ಬಳು ಕೆಂಪರಾಜು ಆಗುತ್ತಿದ್ದೆ, ಅದಕ್ಕೆ ಸುಮ್ಮನಾದೆ.

ನಿಜವಾದ ಕೆಂಪರಾಜು ಸುಮ್ಮನಿರಲಿಲ್ಲ. ಅಂದು ಸಂಜೆ ಹನಕೆರೆಯಲ್ಲಿ ಅಕ್ಕನ ಮನೆಗೆ ಹೋದವರಿಗೆ ಸೊಸೆಯ ಸಪ್ಪೆ ಮುಖ ಕಂಡಿದೆ. ಬಿಡಿಸಿ ಬಿಡಿಸಿ ಕೇಳಿ ಸಂಗತಿ ತಿಳಿದುಕೊಂಡಿದ್ದಾರೆ. ಆ ಕಂಪನಿಗೆ ಗಾಡಿ ಬಿಡುವ ಅಂಬರೀಶನಿಂದ ಮಧುಕರನ ನಂಬರು ಸಂಪಾದಿಸಿ, ಜಗಲಿಯ ಮೇಲೆ ಕೂತೇ ಫೋನು ಹಚ್ಚಿದ್ದಾರೆ. ಬೆಳಿಗ್ಗೆ ಅದನ್ನು ಸೊಸೆಗೆ ಹೇಳಿದ್ದು ಹೀಗಂತೆ:

"ನಿಮ್ ಪ್ರೊಫೆಸರ್ ಸಂಪತ್ ಕುಮಾರ್ರೇ ಏಳವ್ರೆ, ಈ ಕೆಲ್ಸ ನಮ್ ಮಗೀಗೇ ಆಗ್ಬೇಕು ಅಂತ ಏಳ್ಬುಟ್ಟಿವ್ನಿ ಕಣವ್ವ. ಆಯಪ್ಪ ನೋಡಾನ ಅಂದವ್ನೆ. ನೀನೇನ್ ಯೋಚ್ನೆ ಮಾಡ್ಬ್ಯಾಡ ಬುಡು."

ಕೆಂಪರಾಜು ಸುಳ್ಳು ಹೇಳಿದ್ದು ದುರುದ್ದೇಶದಿಂದಲ್ಲ. ಮೇಷ್ಟ್ರು ಹೇಗಿದ್ದರೂ ಹೇಳುವವರೇ, ಮೊದಲೇ ಹೇಳಿದರು ಅಂದರೆ ಏನು ತಪ್ಪು ಅನ್ನುವುದು ಅವರ ಲೆಕ್ಕ. ಎಷ್ಟೋ ಕಚೇರಿಗಳಲ್ಲಿ ಆ ಲೆಕ್ಕ ನಡೆದೂ ಇದೆ.

ನಯನ ತಿಂಡಿ ಬಿಟ್ಟು ರೈಲು ಹತ್ತಿದಳು. ನಾನು ಬಾಗಿಲು ತೆಗೆಯುವ ಹೊತ್ತಿಗೆ ಕಾರಿಡಾರಿನಲ್ಲಿ ನಿಂತಿದ್ದಳು, ಅತ್ತು ಮುಖ ಊದಿತ್ತು. "ಮೇಡಂ, ಸಾರ್ ಹೆಸ್ರು ಹಾಳಾಯ್ತು, ನನ್ ಕೆಲ್ಸಾನೂ ಹೋಯ್ತು" ಅಂದಳು. ಎಲ್ಲ ಕೇಳಿದ ಮೇಲೆ ಅವಳ ಹೆದರಿಕೆ ನನಗೂ ಅರ್ಥವಾಯಿತು. ಸಂಪತ್ ಕುಮಾರರಿಗೆ ತಮ್ಮ ಮಾತಿನ ಬಗ್ಗೆ ವಿಪರೀತ ಎಚ್ಚರ. ಬಂಧುಗಳ ಮಕ್ಕಳಿಗೂ ಸುಮ್ಮನೆ ಒಂದು ಸಾಲು ಬರೆದುಕೊಟ್ಟವರಲ್ಲ. ಮನೆಯವರಾದ ರಂಗನಾಯಕಿಯವರೇ ಒಮ್ಮೆ ತಮ್ಮನ ಮಗನಿಗೆ ಹೇಳಿ ಅಂದದ್ದಕ್ಕೆ, ಅವನ ಕೆಲಸ ನಾನು ನೋಡಿಲ್ಲವಲ್ಲ ಅಂದು ವಾರವಿಡೀ ಮಾತಿಲ್ಲದ ಊಟ ಮಾಡಿದವರು. ಈಗ ಅವರು ಆಡದ ಮಾತನ್ನು ಅವರ ಬಾಯಿಗೆ ತುರುಕಿದ್ದಾಯಿತು.

"ಸಾರ್‌ಗೆ ನೀವೇ ಹೇಳ್ತೀರಾ ಮೇಡಂ?" ಅಂದಳು.

"ಊಹೂಂ. ಇದನ್ನ ನೀನೇ ಹೇಳ್ಬೇಕು. ಮಧುಕರನ ಫೋನು ಬರೋಕ್ಕಿಂತ ಮುಂಚೆ ಹೇಳ್ಬೇಕು."

ಸಂಪತ್ ಕುಮಾರರು ಬಂದು ಚೀಲ ಇಡುವ ಮೊದಲೇ ಅವಳು ಒಳಗೆ ಹೋದಳು. ಕರೆಯದೆ ಒಳಗೆ ಹೋದದ್ದು ಅದೇ ಮೊದಲು. ನಿಂತುಕೊಂಡೇ, ಒಂದೇ ಉಸಿರಿನಲ್ಲಿ ಹೇಳಿದಳು. ಮಾವ ಫೋನ್ ಮಾಡಿದ್ದು, ಅವರ ಹೆಸರು ಹೇಳಿದ್ದು, ತನಗೆ ಬೆಳಿಗ್ಗೆಯಷ್ಟೇ ಗೊತ್ತಾದದ್ದು. ಮಾವನನ್ನು ಬೈಯಲಿಲ್ಲ. "ನಾನು ನಿನ್ನೆ ನಿಮ್ಮನ್ನ ನೆಟ್ಟಗೆ ಕೇಳಿದ್ರೆ ಹಿಂಗಾಗ್ತಿರ್ಲಿಲ್ಲ ಸಾರ್" ಅಂದಳು.

ಬೀರುವಿನ ಆ ಕಡೆ ಚೀಲವನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು.

"ನನ್ನ ಹೆಸರು ಹೇಳಿದ್ದು ತಪ್ಪು" ಅಂದರು ಸಂಪತ್ ಕುಮಾರರು. ದನಿ ಬಿರುಸಾಗಿಯೇ ಇತ್ತು. "ಬಹಳ ತಪ್ಪು. ನಿಮ್ಮ ಮಾವನಿಗೆ ಅದನ್ನ ಹೇಳು. ಇರ್ಲಿ. ನಿನ್ನೆ ನೀನು ಏನು ಕೇಳ್ಬೇಕು ಅಂತ ಬಂದಿದ್ದೆ? ಅದನ್ನ ಈಗ ಕೇಳು."

ನಯನ ಕೇಳಿಯೇಬಿಟ್ಟಳು. "ಸೋಮನಹಳ್ಳಿ ಕಂಪನೀಲಿ ರಿಸರ್ಚ್ ಅಸಿಸ್ಟೆಂಟ್ ಕರ್ದಿದಾರೆ ಸಾರ್. ಬೆಲ್ಲದ ಕೆಲ್ಸ. ಅಲ್ಲಿ ಮಧುಕರ್ ಅವರು ನಿಮ್ಗೆ ಗೊತ್ತು. ನನ್ನನ್ನ ಅವ್ರಿಗೆ ಪರಿಚಯ ಮಾಡಿಸ್ತೀರಾ? ನನ್ ಕೆಲ್ಸ ನಿಮ್ಗೆ ಸರಿ ಅನ್ಸಿದ್ರೆ ಮಾತ್ರ."

"ಇದನ್ನ ಕೇಳೋಕೆ ಇಷ್ಟು ದಿನ ಬೇಕಾಯ್ತಾ?" ಅಂದರು ಸಂಪತ್ ಕುಮಾರರು. ಅಷ್ಟು ಹೇಳಿ ಫೋನು ಕೈಗೆತ್ತಿಕೊಂಡರು. ಅವರಿಗೆ ಫೋನು ಕಿವಿಗಿಟ್ಟುಕೊಂಡು ಮಾತಾಡಿ ಅಭ್ಯಾಸವಿಲ್ಲ. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು ಅದರ ಕಡೆ ಬಗ್ಗಿ ಕೂಗುತ್ತಾರೆ. ಆ ದಿನ ಅದಕ್ಕೆ ನಾನು ದೇವರಿಗೆ ಕೈ ಮುಗಿದೆ.

"ಸಾರ್, ನಾನೇ ಮಾಡೋಣ ಅಂತಿದ್ದೆ" ಅಂದ ಮಧುಕರ. "ನಿನ್ನೆ ಯಾರೋ ಕೆಂಪರಾಜು ಅಂತ ಫೋನ್ ಮಾಡಿದ್ರು. ನೀವೇ ಹೇಳಿದೀರಿ, ಹುಡುಗೀನ ತಗೊಳ್ಳಲೇಬೇಕು ಅಂದ್ರು. ಇಂಥ ಫೋನು ವಾರಕ್ಕೆ ನಾಕೈದು ಬರ್ತವೆ, ಆದ್ರೆ ನಿಮ್ಮ ಹೆಸ್ರಲ್ಲಿ ಬಂದಿರ್ಲಿಲ್ಲ. ಬೇಜಾರಾಯ್ತು ಸಾರ್. ಆ ಅರ್ಜಿ ಬಂದ್ರೆ ಪಕ್ಕಕ್ಕಿಡಿ ಅಂತ ಆಫೀಸಿಗೆ ಹೇಳೋಣ ಅಂತಿದ್ದೆ."

ನಯನಳ ಮುಖ ನನಗೆ ಕಾಣುತ್ತಿರಲಿಲ್ಲ. ಕಾಣದಿದ್ದದ್ದೇ ಒಳ್ಳೆಯದಾಯಿತು.

"ಅದು ನನ್ನ ಮಾತಲ್ಲ" ಅಂದರು ಸಂಪತ್ ಕುಮಾರರು. "ಆ ಹುಡುಗಿ ಹೇಳಿಸಿದ್ದೂ ಅಲ್ಲ. ಗೊತ್ತಾದ ತಕ್ಷಣ ಬಂದು ನನ್ನೆದುರು ನಿಂತು ಹೇಳಿದ್ದಾಳೆ. ಅದನ್ನ ಅಲ್ಲಿಗೇ ಬಿಡು. ಈಗ ನಾನು ಕೇಳ್ತಿರೋದು ಬೇರೆ. ಒಂದು ವರ್ಷ ನನ್ನ ಲ್ಯಾಬಲ್ಲಿ ಬೆಲ್ಲದ ಮೇಲೆ ಕೆಲಸ ಮಾಡಿದ್ದಾಳೆ. ನಿನಗೆ ಪರಿಚಯ ಮಾಡಿಸ್ಲಾ? ಬೇಡ ಅಂದ್ರೆ ನನಗೇನೂ ಬೇಜಾರಿಲ್ಲ."

ಮಧುಕರ ನಕ್ಕ. "ನೀವು ಕೇಳ್ತಿರೋದಾದ್ರೆ ಕಳಿಸಿ ಸಾರ್. ಓದ್ತೀನಿ, ಸರಿ ಇದ್ರೆ ಸಂದರ್ಶನಕ್ಕೆ ಕರೀತೀನಿ. ಆಮೇಲಿನದು ಅವರ ಕೈಲಿದೆ."

"ಅಷ್ಟೇ ಬೇಕಾಗಿದ್ದು."

ಫೋನು ಇಟ್ಟ ಮೇಲೆ ನಾನು ಬೀರುವಿನ ಮರೆಯಿಂದ ಈಚೆ ಬಂದೆ. ಇನ್ನು ಕೇಳಿಸಿಕೊಂಡಿಲ್ಲ ಅನ್ನುವ ನಾಟಕ ಬೇಕಿರಲಿಲ್ಲ. ನಯನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಅವಳಿಗೆ ಕೂತುಕೋ ಅಂದು ನೀರು ಕೊಟ್ಟೆ. ಕೆಲಸ ಇನ್ನೂ ಸಿಕ್ಕಿರಲಿಲ್ಲ, ಆದರೂ ನಮ್ಮಿಬ್ಬರಿಗೂ ಎದೆ ಹಗುರವಾಗಿತ್ತು.

ಸಂಪತ್ ಕುಮಾರರು ಮುಂದಿನ ಕೆಲಸ ಹೇಳಿದರು. ಕಂಪನಿಯ ಜಾಲತಾಣದಲ್ಲಿ ಎಲ್ಲರ ಹಾಗೆ ಅವಳೂ ಅರ್ಜಿ ಹಾಕಬೇಕು. ಅದರ ಜೊತೆಗೆ ತಮ್ಮ ಇಮೇಲಿನಲ್ಲಿ ಸೇರಿಸಲಿಕ್ಕೆ ಅವಳು ನಾಲ್ಕು ಸಾಲು ಬರೆದುಕೊಡಬೇಕು, ತಾನು ಯಾರು, ಏನು ಮಾಡಿದೆ, ಈ ಕೆಲಸವೇ ಯಾಕೆ ಅಂತ.

ಮಧ್ಯಾಹ್ನ ತಂದು ತೋರಿಸಿದಳು. 'ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ರೈತ ಕುಟುಂಬದಿಂದ ಬಂದವಳಾಗಿದ್ದು, ತಾವು ದಯಮಾಡಿ' ಅಂತ ಶುರುವಾಗಿ, ಕೊನೆಯವರೆಗೂ ಬೆಲ್ಲದ ಸುದ್ದಿಯೇ ಇರಲಿಲ್ಲ. ಜ್ವರ ಬಂದಿದೆ ರಜೆ ಕೊಡಿ ಅನ್ನುವುದಕ್ಕೆ ಇದು ಸಾಕಾಗುತ್ತಿತ್ತು. ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು. "ದಯೆ ಎಲ್ಲ ತೆಗಿ. ಬೆಲ್ಲ ಹಾಕು" ಅಂದೆ. ಎರಡನೆಯ ಸಲ ಬರೆದದ್ದು ಚೆನ್ನಾಗಿತ್ತು: ಬೆಂಡೆ ಲೋಳೆಯಿಂದ ತೆಗೆದ ಬೆಲ್ಲ, ಮೂರು ಬಗೆಯ ಹೊದಿಕೆ, ತೇವಾಂಶದ ಅಳತೆ, ಬೂಸ್ಟು ಹಿಡಿದ ಅಚ್ಚುಗಳ ವಿವರ, ತಿನಿಸಿನ ಬಾಳಿಕೆ ಕಲಿಯುವ ಆಸೆ. ಅಷ್ಟೇ.

ಸಂಪತ್ ಕುಮಾರರು ಅದನ್ನು ಸೇರಿಸಿ ಮಧುಕರನಿಗೆ ಮೇಲ್ ಬರೆದು ಅವಳಿಗೂ ಒಂದು ಪ್ರತಿ ಕಳಿಸಿದರು. ತಮ್ಮದಾಗಿ ಬರೆದದ್ದು ಎರಡು ಮಾತು. ಕೆಲಸ ನಿಧಾನ. ಕೆಟ್ಟ ಫಲಿತಾಂಶವನ್ನು ಮುಚ್ಚಿಡುವುದಿಲ್ಲ.

'ನಿಧಾನ' ಅನ್ನುವುದನ್ನು ನೋಡಿ ನಯನಳ ಮುಖ ಮತ್ತೆ ಬಾಡಿತು. "ಹಂಗ್ ಬರ್ದ್ರೆ ಯಾರ್ ತಗೋತಾರೆ ಮೇಡಂ?" ಅಂದಳು.

"ಅದನ್ನ ಬರೆದಿರೋದ್ರಿಂದಲೇ ಇನ್ನೊಂದನ್ನ ನಂಬ್ತಾರೆ" ಅಂದೆ. "ಸುಮ್ನೆ ಹೊಗಳಿದ್ರೆ ನಿಮ್ಮ ಮಾವನ ಫೋನಿಗೂ ಇದಕ್ಕೂ ಏನು ವ್ಯತ್ಯಾಸ? ಮೊದಲು ಇಬ್ಬರಿಗೂ ಉತ್ತರ ಬರೆದು ನಿನ್ನ ವಿವರ ಲಗತ್ತಿಸು. ಇವತ್ತೇ."

ಅಂದೇ ಬರೆದಳು. ಆಮೇಲೆ ಕಾಯುವುದು. ಒಂದು ವಾರ ಕಳೆದರೂ ಮಧುಕರನ ಸುದ್ದಿಯಿಲ್ಲ. ತಿಂಗಳ ಕೊನೆ ಬಂತು, ಶಾಲೆಗೆ ಉತ್ತರ ಕೊಡಬೇಕು. ನಯನ ಒಬ್ಬಳೇ ಮದ್ದೂರಿಗೆ ಹೋಗಿ ಲಿಂಗಯ್ಯನವರನ್ನು ಕಂಡು, ಇನ್ನೊಂದು ಕಡೆ ಪ್ರಯತ್ನ ಮಾಡುತ್ತಿದ್ದೇನೆ, ಹತ್ತು ದಿನ ಹೆಚ್ಚು ಕೊಡುತ್ತೀರಾ ಅಂತ ಕೇಳಿದಳಂತೆ. ಶಾಲೆ ಶುರುವಾಗುವುದು ಇನ್ನೂ ತಡವಿದೆ, ತಗೋಮ್ಮ ಅಂದರಂತೆ ಆ ಪುಣ್ಯಾತ್ಮ. ಇದನ್ನು ಹೇಳುವಾಗ ಅವಳ ಮುಖದಲ್ಲಿ ಆಶ್ಚರ್ಯ. ಕೇಳಿದರೆ ಜನ ಕೊಡುತ್ತಾರೆ ಅನ್ನುವುದು ಅವಳಿಗೆ ಹೊಸ ಸುದ್ದಿ.

ಮಧುಕರನಿಗೆ ಮತ್ತೆ ಬರೆಯಬಹುದಾ ಅಂತ ಸಂಪತ್ ಕುಮಾರರನ್ನೇ ಕೇಳಿದಳು. "ಒಂದು ಸಲ ನೆನಪಿಸು, ಎರಡು ಸಾಲಲ್ಲಿ. ನನ್ನ ಕೈಲಿ ಬರೆಸಬೇಡ. ಪರಿಚಯ ಮಾಡಿಸಿದ ಮೇಲೆ ನಾನು ನಡುವೆ ಇರಬಾರದು" ಅಂದರು. ಎರಡು ಸಾಲು ಹೋಯಿತು. ಮರುದಿನವೇ ಉತ್ತರ: ಪ್ರವಾಸದಲ್ಲಿದ್ದೆ, ತಡವಾಯಿತು, ಗುರುವಾರ ಸಂದರ್ಶನಕ್ಕೆ ಬನ್ನಿ.

ಸಂದರ್ಶನದಲ್ಲಿ ಮೂವರು ಕೂತಿದ್ದರಂತೆ. ಪ್ರೊಫೆಸರರ ಹೆಸರನ್ನು ಯಾರೂ ಎತ್ತಲಿಲ್ಲ, ಮಾವನ ಹೆಸರನ್ನಂತೂ ಎತ್ತಲೇ ಇಲ್ಲ. ಒಬ್ಬ ಹೆಂಗಸು ಬೂಸ್ಟು ಹಿಡಿದ ಅಚ್ಚುಗಳ ಬಗ್ಗೆಯೇ ಅರ್ಧ ಗಂಟೆ ಕೇಳಿದರಂತೆ. ಯಾಕೆ ಹಿಡಿಯಿತು, ಯಾವಾಗ ನೋಡಿದೆ, ಆ ಲೆಕ್ಕ ಬಿಟ್ಟುಬಿಡಬೇಕು ಅನ್ನಿಸಲಿಲ್ಲವಾ. ಇವಳು ಗೊತ್ತಿದ್ದದ್ದನ್ನು ಹೇಳಿದಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಳು. ಆಮೇಲೆ ಲ್ಯಾಬಿಗೆ ಕರೆದುಕೊಂಡು ಹೋಗಿ ತೇವಾಂಶ ಅಳೆದು ತೋರಿಸು ಅಂದರು. ನಿಧಾನವಾಗಿ ಅಳೆದು ತೋರಿಸಿದಳು.

ಐದು ದಿನಕ್ಕೆ ಮೇಲ್ ಬಂತು. ಮುಂದಿನ ತಿಂಗಳ ಮೊದಲ ದಿನದಿಂದ, ಒಂದು ವರ್ಷಕ್ಕೆ, ಕೆಲಸ ಸರಿ ಇದ್ದರೆ ಮುಂದುವರಿಕೆ. ಅವಳು ಬಾಗಿಲಲ್ಲಿ ನಿಲ್ಲದೆ ನೇರ ಒಳಗೆ ಬಂದು ಫೋನನ್ನು ಸಂಪತ್ ಕುಮಾರರ ಮುಂದೆ ಹಿಡಿದಳು. ಅವರು ಕನ್ನಡಕ ಮೇಲೆತ್ತಿ ಓದಿ "ಶಾಲೆಗೆ ತಿಳಿಸಿದೆಯಾ?" ಅಂದರು. ತಿಳಿಸಿದೆ ಸಾರ್ ಅಂದಳು. "ಸರಿ ಹಾಗಾದ್ರೆ" ಅಂದು ಇನ್ನೊಮ್ಮೆ ಓದಿದರು. ನನಗೆ ಮಾತ್ರ ಕಣ್ಣಲ್ಲಿ ನೀರು ಬಂತು, ಬರಲಿ ಅಂತ ಬಿಟ್ಟೆ.

ಇಷ್ಟಕ್ಕೇ ಮುಗಿಯುವುದೆಂದರೆ ಕೆಂಪರಾಜು ಇದ್ದೂ ಏನು ಪ್ರಯೋಜನ? ಆ ವಾರವೇ ಒಂದು ಬಾಳೆಗೊನೆ ಹೆಗಲಿಗೇರಿಸಿಕೊಂಡು ನಮ್ಮ ಕೋಣೆಗೆ ಬಂದರು. ಹಿಂದೆ ನಯನ, ಬೇಡ ಮಾವ ಬೇಡ ಮಾವ ಅನ್ನುತ್ತ.

"ಸ್ವಾಮಿ, ನಾನೊಂದ್ ಫೋನ್ ಹಾಕಿದ್ದೇ ತಡ, ಕೆಲ್ಸ ಆಗೋಯ್ತು ನೋಡಿ" ಅಂದರು ಗೊನೆಯನ್ನು ನನ್ನ ಮೇಜಿನ ಮೇಲಿಡುತ್ತ.

ಸಂಪತ್ ಕುಮಾರರು ಅವರನ್ನು ಕೂರಿಸಿದರು. "ನಿಮ್ಮ ಫೋನಿನಿಂದ ಕೆಲಸ ಹೋಗ್ತಾ ಇತ್ತು ಕೆಂಪರಾಜು ಅವರೇ. ನಾನು ಹೇಳದೇ ಇರೋದನ್ನ ಹೇಳಿದೀನಿ ಅಂದ್ರಿ. ಕಂಪನಿಯವರು ಇವಳ ಅರ್ಜಿ ಪಕ್ಕಕ್ಕಿಡೋದರಲ್ಲಿದ್ರು. ಇವಳು ಬಂದು ನಿಜ ಹೇಳಿದ್ದಕ್ಕೆ ಉಳೀತು."

ಕೆಂಪರಾಜು ಸೊಸೆಯ ಕಡೆ ತಿರುಗಿದರು. "ಔದೇನವ್ವ? ಮತ್ತೆ ನಂಗೇನೂ ಏಳ್ನೇ ಇಲ್ವಲ್ಲ ನೀನು?"

"ನಿಮ್ಗೆ ಬೇಜಾರಾಯ್ತದೆ ಅಂತ ಹೇಳ್ನಿಲ್ಲ ಮಾವ" ಅಂದಳು ನಯನ.

"ಅಂಗಾರೆ ಮೇಷ್ಟ್ರನ್ನ ಕೇಳ್ದೋರು ಯಾರು?"

"ನಾನೇ ಕೇಳ್ದೆ."

"ನೀನು? ಬಾಯ್ ಬುಟ್ಟು?"

"ಊಂ ಮಾವ. ಇಸ್ಕೂಲ್ ಎಡ್‌ಮಾಸ್ಟ್ರನ್ನೂ ನಾನೇ ಕೇಳ್ದೆ."

ಎರಡೂ ಫೋನು ಒಟ್ಟಿಗೆ ಹೊಡೆದುಕೊಂಡರೂ ಕೆಂಪರಾಜು ಜೇಬಿಗೆ ಕೈ ಹಾಕಲಿಲ್ಲ. ಸಂಪತ್ ಕುಮಾರರ ಕಡೆ ನೋಡಿ "ತಪ್ಪಾಯ್ತು ಸ್ವಾಮಿ, ನಿಮ್ ಎಸ್ರು ಏಳ್ಬಾರ್ದಿತ್ತು" ಅಂದರು. ಆಮೇಲೆ ಸೊಸೆಯನ್ನು ನೋಡಿದರು. "ಈ ಮಗಿ ಸಣ್ಣುಡ್ಗಿಲಿ ಅಸಿವಾದ್ರೂ ಏಳ್ತಿರ್ಲಿಲ್ಲ ಮೇಡಮ್ಮೋರೆ. ಅದ್ಕೇ ಎಲ್ಲಾನೂ ನಾನೇ ಕೇಳ್ಕೊಂಡು ತಿರುಗ್ದೆ. ನಾನು ಕಣ್ ಮುಚ್ಚುದ್ಮೇಲೆ ಇದ್ಕೆ ಯಾರ್ ಕೇಳ್ತಾರೆ ಅಂತ ಒಂದೇ ಯೋಚ್ನೆ ನಂಗೆ." ಹೆಗಲ ಟವಲ್ಲಿನಿಂದ ಮುಖ ಒರೆಸಿಕೊಂಡರು. "ಇನ್ ಆ ಯೋಚ್ನೆ ಇಲ್ಲ ಬುಡವ್ವ."

ನಯನ ಹೋಗಿ ಮಾವನ ಪಕ್ಕದ ಕುರ್ಚಿಯಲ್ಲಿ ಕೂತಳು.